‘ಇಲ್ಲ’ ಎನ್ನುವುದಾದರೂ ಹಬ್ಬಕ್ಕೆ ಮುಂಚೆ ಹೇಳಿ

ಕೆಲಸಕ್ಕೆ ಜನರನ್ನು ಆರಿಸುವವರೇ, ಎಚ್‌ಆರ್ ವಿಭಾಗದವರೇ, ಕನ್ಸಲ್ಟೆನ್ಸಿ ನಡೆಸುವವರೇ, ಈ ಮಾತು ನಿಮಗೆ. ಗೌರಿ ಹಬ್ಬದ ಹಿಂದಿನ ವಾರವನ್ನು ಒಬ್ಬ ಹುಡುಗ ಹೇಗೆ ಕಳೆದ ಎನ್ನುವ ಕಥೆಯನ್ನು ಮೊದಲು ಕೇಳಿ. ಅವನ ಹೆಸರು ಬೇಡ. ನಿಮ್ಮ ಪಟ್ಟಿಯಲ್ಲಿ ಅಂಥವರ ಹೆಸರು ಬೇಕಾದಷ್ಟಿವೆ.

ತಿಪಟೂರು ಕಡೆಯ ಹುಡುಗ. ಅಪ್ಪನದು ತೆಂಗಿನ ತೋಟ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದ. ಪ್ರಾಜೆಕ್ಟ್ ಮುಗಿಯಿತು, ಕೆಲವು ದಿನ ಬೆಂಚ್‌ನಲ್ಲಿ ಇಟ್ಟರು, ಆಮೇಲೆ ರಾಜೀನಾಮೆ ಬರೆಸಿಕೊಂಡರು. ಮಾರತ್ತಹಳ್ಳಿಯ ಪಿಜಿಯಲ್ಲೇ ಇದ್ದುಕೊಂಡು ಬೇರೆ ಕೆಲಸ ಹುಡುಕಿದ. ಒಂದು ಕಂಪನಿಯಲ್ಲಿ ಎರಡು ಟೆಕ್ನಿಕಲ್ ಸುತ್ತು ದಾಟಿದ. ಎಚ್‌ಆರ್ ಸುತ್ತಿನಲ್ಲಿ ಹಿಂದಿನ ಸಂಬಳ ಎಷ್ಟು, ಈಗ ಎಷ್ಟು ಬೇಕು, ಯಾವತ್ತು ಸೇರಬಹುದು ಎಂದು ಕೇಳಿದರು. ಮರುದಿನ ಮೂರು ತಿಂಗಳ ಪೇಸ್ಲಿಪ್, ಪ್ಯಾನ್ ಕಾರ್ಡ್, ರಿಲೀವಿಂಗ್ ಲೆಟರ್ ತರಿಸಿಕೊಂಡರು. “ಈ ವಾರದಲ್ಲೇ ತಿಳಿಸ್ತೀವಿ” ಎಂದರು. ಪೇಸ್ಲಿಪ್ ಕೇಳಿದರೆಂದರೆ ಕೆಲಸ ಆದ ಹಾಗೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅವನಿಗೂ ಅನ್ನಿಸಿತು. ಊರಿಗೆ ಫೋನ್ ಮಾಡಿ ಹೇಳಿಯೂಬಿಟ್ಟ.

ಆ ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಗೌರಿ ಹತ್ತಿರ ಬಂದಳು. ಅರಸೀಕೆರೆಗೆ ಕೊಟ್ಟಿರುವ ಅಕ್ಕನಿಗೆ ತವರಿನ ಬಾಗಿನ ಹೋಗಬೇಕು. ಮೊರದ ಜೊತೆ, ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ರವಿಕೆ ಬಟ್ಟೆ, ಬೆಲ್ಲ, ಬೇಳೆ, ಕಾಯಿ ಎಲ್ಲವನ್ನೂ ಅಮ್ಮ ಹೊಂದಿಸಿಟ್ಟಿದ್ದಳು. ಸೀರೆ ಮಾತ್ರ ಈ ಸಲ ತಮ್ಮನ ಕಡೆಯಿಂದ ಎಂದು ಮಾತಾಗಿತ್ತು.

ಬೆಳಿಗ್ಗೆ ಕಣ್ಣು ಬಿಡುತ್ತಲೇ ಅವನು ಫೋನಿನ ಪರದೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ಬಿಡುತ್ತಿದ್ದ. ಇನ್‌ಬಾಕ್ಸ್‌ನ ಪುಟ್ಟ ಚಕ್ರ ತಿರುಗಿ ನಿಲ್ಲುತ್ತಿತ್ತು. ಬಂದದ್ದು ಜಾಬ್ ಪೋರ್ಟಲಿನ ಜಾಹೀರಾತು, ಸಾಲ ಕೊಡುತ್ತೇವೆನ್ನುವ ಬ್ಯಾಂಕಿನ ಮೇಲ್. ಸ್ಪ್ಯಾಮ್ ತೆರೆಯುತ್ತಿದ್ದ, ಪ್ರಮೋಷನ್ಸ್ ತೆರೆಯುತ್ತಿದ್ದ, ಮತ್ತೆ ಇನ್‌ಬಾಕ್ಸ್‌ಗೆ ಬರುತ್ತಿದ್ದ. ವಿನಯದಿಂದ ಒಂದು ಮೇಲ್ ಬರೆದು ಕೇಳಿದ, ಉತ್ತರ ಇಲ್ಲ. ಫೋನ್ ಮಾಡಿದ; ಕಟ್ ಆಯಿತು. ಬೇರೊಂದು ಕಂಪನಿಯವರು ಸ್ವಲ್ಪ ಕಡಿಮೆ ಸಂಬಳಕ್ಕೆ ಇಂಟರ್ವ್ಯೂಗೆ ಕರೆದಾಗ, ಇದು ಆಗುತ್ತದಲ್ಲ ಎಂದು ಹೋಗಲಿಲ್ಲ.

“ಮಗಾ, ಲೆಟರ್ ಬಂತೇನೋ?”

“ಬರುತ್ತಮ್ಮ, ಇವತ್ತೋ ನಾಳೆನೋ.”

“ನಿಮ್ ಭಾವ ಕೇಳುದ್ರು ಕಣಪ್ಪ. ಏನಂತ ಹೇಳ್ಲಿ?”

ಹಬ್ಬದ ಹಿಂದಿನ ದಿನ ಸಂಜೆ ಆರರವರೆಗೂ ಕಾದ. ಆಫೀಸು ಮುಚ್ಚುವ ಹೊತ್ತು ಮೀರಿತೆಂದು ಗೊತ್ತಾದ ಮೇಲೆ ಅಮ್ಮನಿಗೆ ಫೋನ್ ಮಾಡಿ, “ಟ್ರೈನಿಂಗ್ ಇಟ್ಟವ್ರೆ, ಬರಕ್ಕಾಗಲ್ಲ” ಎಂದು ಸುಳ್ಳು ಹೇಳಿದ. ಬಾಗಿನವನ್ನು ಅಪ್ಪನೇ ಬಸ್ಸಿನಲ್ಲಿ ಒಯ್ದ. ಚೌತಿಯ ದಿನವೂ ಹುಡುಗ ಪಿಜಿಯಲ್ಲೇ ಉಳಿದ.

ಅತ್ತ ಕಂಪನಿಯಲ್ಲಿ ನಡೆದದ್ದು ಇಷ್ಟು. ಇದ್ದದ್ದು ಒಂದೇ ಹುದ್ದೆ. ಅದಕ್ಕೆ ಮೊದಲು ಆಯ್ಕೆಯಾದವನಿಗೆ ಆಫರ್ ಹೋಗಿತ್ತು. ಆದರೆ ಅವನಿಗೆ ಹಳೆಯ ಕಂಪನಿಯಲ್ಲಿ 60 ದಿನದ ನೋಟಿಸ್ ಅವಧಿ ಬಾಕಿ. ಅಷ್ಟರಲ್ಲಿ ಅವನು ಈ ಆಫರನ್ನೇ ತೋರಿಸಿ ಮತ್ತೊಂದು ಕಡೆ ಹೆಚ್ಚು ಸಂಬಳ ಕೇಳಬಹುದು, ಸೇರುವ ದಿನ ಬಾರದೇ ಇರಬಹುದು. ನಮ್ಮ ಐಟಿ ವಲಯದಲ್ಲಿ ಇದು ನಡೆಯುತ್ತಲೇ ಇರುತ್ತದೆ. ಅದಕ್ಕೆಂದೇ ಎರಡನೆಯವನನ್ನು ಬ್ಯಾಕಪ್ ಎಂದು ಇಟ್ಟುಕೊಳ್ಳುತ್ತಾರೆ. ‘ಇಲ್ಲ’ ಎಂದುಬಿಟ್ಟರೆ ಅವನು ಕೈತಪ್ಪುತ್ತಾನೆ. ‘ಹೌದು’ ಎನ್ನಲು ಹುದ್ದೆ ಇಲ್ಲ. ಹಾಗಾಗಿ ನಮ್ಮ ಹುಡುಗನ ಹೆಸರಿನ ಮುಂದೆ ‘ಹೋಲ್ಡ್’ ಎಂದು ಬಿತ್ತು. ಹೋಲ್ಡ್‌ನಲ್ಲಿ ಇರುವವನಿಗೆ ಆ ಸಂಗತಿ ತಿಳಿಸುವ ಕೆಲಸ ಯಾರದ್ದೂ ಆಗಿರಲಿಲ್ಲ.

ಕನ್ಸಲ್ಟೆನ್ಸಿಯ ಮೂಲಕ ಹೋದವರ ಪಾಡು ಬೇರೆ. ಅಲ್ಲಿ ಕಂಪನಿ ಕನ್ಸಲ್ಟೆನ್ಸಿಗೆ ಕೊಡುವ ಸಾಮಾನ್ಯವಾದ ದರ ವರ್ಷದ ಸಂಬಳದ ಶೇ 8.33, ಅಂದರೆ ಸುಮಾರು ಒಂದು ತಿಂಗಳ ಸಂಬಳ. ಅಭ್ಯರ್ಥಿ ಕೆಲಸಕ್ಕೆ ಸೇರಿದರಷ್ಟೇ ಆ ದುಡ್ಡು ಬರುತ್ತದೆ. ಸೇರದವನಿಗೆ ಫೋನ್ ಮಾಡಿದ ಐದು ನಿಮಿಷಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಕಾರಣಗಳು ಅರ್ಥವಾಗುತ್ತವೆ. ಸಮರ್ಥನೆ ಮಾತ್ರ ಒಂದೂ ನಿಲ್ಲುವುದಿಲ್ಲ. ಅರ್ಜಿಗಳನ್ನು ನಿಭಾಯಿಸಲು ನೀವು ಬಳಸುವ ತಂತ್ರಾಂಶದಲ್ಲಿ ಆಯ್ಕೆಯಾಗದವರ ಹೆಸರುಗಳನ್ನು ಒಟ್ಟಿಗೆ ಗುರುತು ಮಾಡಿ, ಸಿದ್ಧವಿರುವ ಪತ್ರವನ್ನು ಒಂದೇ ಸಲ ಎಲ್ಲರಿಗೂ ಕಳಿಸಬಹುದು. ಕೆಲವೇ ನಿಮಿಷದ ಕೆಲಸ. ನೀವು ಉಳಿಸಿಕೊಂಡ ಆ ನಿಮಿಷಗಳಿಗೆ ಆ ಹುಡುಗ ತೆತ್ತದ್ದೇನು? ಕೈಗೆ ಬಂದಿದ್ದ ಇನ್ನೊಂದು ಇಂಟರ್ವ್ಯೂ ಬಿಟ್ಟ. ತಾಯಿಗೆ ಸುಳ್ಳು ಹೇಳಿದ. ಅಕ್ಕನ ಮನೆಯ ಹೊಸಿಲು ತುಳಿಯಲು ಅಂಜಿದ.

ಈ ಮೌನದಲ್ಲಿ ಕಳ್ಳರಿಗೂ ದಾರಿಯಾಗುತ್ತದೆ. ಕಾದು ಸೋತವರಿಗೆ ಒಂದು ದಿನ ಆಫರ್ ಲೆಟರ್ ಬಂದೇಬಿಡುತ್ತದೆ: ಲ್ಯಾಪ್‌ಟಾಪಿಗೆಂದು ಡೆಪಾಸಿಟ್ ಕಟ್ಟಿ, ಸೇರಿದ ಮೇಲೆ ವಾಪಸ್ ಕೊಡುತ್ತೇವೆ ಎಂದು. ಅಭ್ಯರ್ಥಿಗಳೇ, ಕಳಿಸಿದವರ ವಿಳಾಸ ಕಂಪನಿಯದ್ದೇ ಹೌದೇ ಎಂದು @ ಗುರುತಿನ ನಂತರದ ಭಾಗವನ್ನು ಒಂದೊಂದೇ ಅಕ್ಷರವಾಗಿ ಓದಿ. ಕೆಲಸ ಕೊಡಲು ದುಡ್ಡು ಕೇಳಿದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಖಾಲಿ ಹುದ್ದೆಗಳ ಮಾಹಿತಿಯನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು ನಮ್ಮ ದೇಶ 1959ರಲ್ಲೇ ಕಾಯ್ದೆ ಮಾಡಿತು. ಖಾಸಗಿ ವಲಯದಲ್ಲಿ 25 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅದು ಅನ್ವಯಿಸುತ್ತಿತ್ತು. ಹುದ್ದೆ ಇದೆ ಎಂದು ಸರ್ಕಾರಕ್ಕೆ ಹೇಳಬೇಕಿತ್ತು. ಹುದ್ದೆ ಕೇಳಿ ಬಂದವನಿಗೆ ಏನೂ ಹೇಳಬೇಕಿರಲಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯ ಈ ಕೊರತೆಯನ್ನು ತುಂಬಿದೆ. ಜಾಹೀರಾತು ಕೊಟ್ಟು ಇಂಟರ್ವ್ಯೂ ಮಾಡಿದ, 25 ಅಥವಾ ಹೆಚ್ಚು ನೌಕರರ ಸಂಸ್ಥೆಯು ಕೊನೆಯ ಇಂಟರ್ವ್ಯೂ ಆದ 45 ದಿನದೊಳಗೆ, ಆ ಹುದ್ದೆಗೆ ಆಯ್ಕೆ ತೀರ್ಮಾನ ಆಯಿತೇ ಇಲ್ಲವೇ ಎಂದು ಅಭ್ಯರ್ಥಿಗೆ ತಿಳಿಸಲೇಬೇಕು. 2026ರ ಜನವರಿ 1ರಿಂದ ಅಲ್ಲಿ ಇದು ಕಾನೂನು. ಅಂಥದ್ದೊಂದು ಕಾನೂನನ್ನು ಇಲ್ಲಿಯೂ ಕೇಳೋಣ. ಅದು ಬರುವವರೆಗೆ ನಿಮ್ಮ ಆತ್ಮಸಾಕ್ಷಿ ಸಾಕು.

ನೇಮಕ ಮಾಡುವವರೇ, ನಿಮ್ಮಿಂದ ಕೇಳುವುದು ಮೂರೇ. ಎರಡನೆಯವನಿಗೆ ಅವನು ಎರಡನೆಯವನೆಂದು ಹೇಳಿ. ಮೊದಲನೆಯವರು ಸೇರದಿದ್ದರೆ ಕರೆಯುತ್ತೇವೆ, ಅಷ್ಟರಲ್ಲಿ ಬೇರೆ ಕಡೆ ಪ್ರಯತ್ನಿಸಿ ಎಂದರೆ ಅವನು ತನ್ನ ದಾರಿ ನೋಡಿಕೊಳ್ಳುತ್ತಾನೆ. ಪೇಸ್ಲಿಪ್ ಕೇಳುವಾಗಲೇ ಇದು ಆಯ್ಕೆಯ ಖಾತ್ರಿಯಲ್ಲ ಎಂದು ತಿಳಿಸಿ, ತಾರೀಖು ಕೊಟ್ಟರೆ ಆ ತಾರೀಖಿಗೆ ಉತ್ತರ ಕೊಡಿ. ತೀರ್ಮಾನ ಆಗದಿದ್ದರೆ ಆಗಿಲ್ಲವೆನ್ನುವುದೇ ಉತ್ತರ. ಹಬ್ಬದ ರಜೆಗೆ ಲ್ಯಾಪ್‌ಟಾಪ್ ಮುಚ್ಚುವ ಮೊದಲು ಹೋಲ್ಡ್‌ನಲ್ಲಿರುವ ಹೆಸರುಗಳನ್ನು ಒಮ್ಮೆ ಓದಿ, ಪ್ರತಿಯೊಬ್ಬರಿಗೂ ಎರಡು ಸಾಲು ಬರೆಯಿರಿ.

ಮನೆಯ ಹಿರಿಯರಲ್ಲೂ ಒಂದು ಬೇಡಿಕೆ. ಕೆಲಸ ಆಯಿತಾ ಎಂದು ನೆಂಟರ ನಡುವೆ ಕೇಳಬೇಡಿ. ಕೆಲಸ ಇರಲಿ ಬಿಡಲಿ, ಹಬ್ಬಕ್ಕೆ ಬಾ ಎಂದು ಮೊದಲೇ ಫೋನ್ ಮಾಡಿ. ಬಾಗಿನ ಒಯ್ಯಲು ಸಂಬಳ ಬೇಕಿಲ್ಲ, ತಮ್ಮ ಬಂದರೆ ಸಾಕು ಎಂದು ಅಕ್ಕಂದಿರೇ ಹೇಳಲಿ.

ಕೆಲಸ ಕೊಡುವುದು ಎಲ್ಲ ಸಲವೂ ನಿಮ್ಮ ಕೈಯಲ್ಲಿಲ್ಲ. ಉತ್ತರ ಕೊಡುವುದು ನಿಮ್ಮ ಕೈಯಲ್ಲೇ ಇದೆ. ಇವತ್ತೇ ಕೊಡಿ.