‘ಗಣನೀಯ ವ್ಯತ್ಯಾಸವಿಲ್ಲ’ ಅಂತ ಬರೆದರೆ ಪ್ರಾಕ್ಕಲ್ಪನೆಯಾಗದು

ಕಳೆದ ತಿಂಗಳು ನಮ್ಮ ಕಡೆಯ ಒಬ್ಬ ಟೀಚರ್ ತಮ್ಮ ಸಂಶೋಧನಾ ಲೇಖನದ ಕರಡು ತಂದು, “ಸಾರ್, ಪ್ರಾಕ್ಕಲ್ಪನೆಗಳ ಭಾಗ ಸರಿಯಿಲ್ಲ ಅಂತ ಪತ್ರಿಕೆಯೊಂದು ವಾಪಸ್ ಕಳಿಸಿದೆ, ಸ್ವಲ್ಪ ನೋಡಿ” ಅಂದರು. ವಿಷಯ ನಮ್ಮದೇ. ಕನ್ನಡ ಮಾಧ್ಯಮದ ಮಕ್ಕಳು ಕನ್ನಡ, ತಮಿಳು ಎರಡೂ ಲಿಪಿ ಕಲಿಯುವಾಗ ಏನಾಗುತ್ತದೆ ಎಂಬುದು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳೆಲ್ಲ ಒಂದನೇ ತರಗತಿಯಿಂದಲೇ ತಮಿಳನ್ನೂ ಬರೆಯುತ್ತಾರೆ.

ಕರಡಿನಲ್ಲಿ ಮೂರು ವಾಕ್ಯಗಳಿದ್ದವು. ಒಂದು, ಎರಡು ಲಿಪಿ ಕಲಿಯುವುದು ಮಕ್ಕಳಿಗೆ ಹೊರೆಯಾಗುತ್ತದೆ. ಎರಡು, ಕನ್ನಡ ಚೆನ್ನಾಗಿ ಬಲ್ಲ ಮಕ್ಕಳಿಗೆ ತಮಿಳೂ ಚೆನ್ನಾಗಿ ಬರುತ್ತದೆ. ಮೂರು, ಗಂಡು ಮತ್ತು ಹೆಣ್ಣು ಮಕ್ಕಳ ಓದಿನಲ್ಲಿ ಗಣನೀಯ ವ್ಯತ್ಯಾಸವಿಲ್ಲ.

ಮೂರನೆಯದು ನಮಗೆಲ್ಲ ಗೊತ್ತಿರುವ ವಾಕ್ಯ. ಎಂ.ಎಡ್. ಪ್ರಬಂಧ ಬರೆದವರು ಯಾರೂ ಇದನ್ನು ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಇದು ಸಂಖ್ಯಾಶಾಸ್ತ್ರದ ಪರೀಕ್ಷೆ ಶುರುವಾಗುವ ಜಾಗ, ಸಂಶೋಧಕರ ಊಹೆಯಲ್ಲ. ಗಂಡು ಹೆಣ್ಣಿನ ನಡುವೆ ವ್ಯತ್ಯಾಸ ಏಕೆ ಇರಬೇಕು ಅಥವಾ ಏಕೆ ಇರಬಾರದು ಅಂತ ಹೇಳುವ ಸಿದ್ಧಾಂತ ಆ ಕರಡಿನಲ್ಲಿ ಎಲ್ಲೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಕಾಲಂ ಇತ್ತು, ಅದಕ್ಕೇ ಪ್ರಾಕ್ಕಲ್ಪನೆ ಬಂತು. ಸಾಲದ್ದಕ್ಕೆ, ವ್ಯತ್ಯಾಸ ಕಾಣಲಿಲ್ಲ ಅಂದಮಾತ್ರಕ್ಕೆ ವ್ಯತ್ಯಾಸ ಇಲ್ಲ ಅಂತಾಗುವುದಿಲ್ಲ. ಹದಿನೈದು ಮಕ್ಕಳನ್ನು ಮಾತ್ರ ನೋಡಿದರೆ ಇರುವ ವ್ಯತ್ಯಾಸವೂ ಕಾಣದೇ ಹೋಗಬಹುದು. ಅದನ್ನು ಹೊಡೆದು ಹಾಕಿದೆವು.

ಒಂದನೆಯದರಲ್ಲಿ ನಿಜವಾದ ಪ್ರಶ್ನೆ ಇದೆ, ಆದರೆ ‘ಹೊರೆ’ ಎಂಬುದನ್ನು ಅಳೆಯಲಾಗದು. ಅಂಕ ಕಡಿಮೆ ಬಂದರೆ ಹೊರೆ ಅಂತೀವಿ, ಬಾರದಿದ್ದರೆ ಮಕ್ಕಳು ಹೊರೆ ಹೊತ್ತು ಗೆದ್ದರು ಅಂತೀವಿ. ಯಾವ ಫಲಿತಾಂಶ ಬಂದರೂ ಸೋಲದ ವಾಕ್ಯ ಅದು. ಹಾಗಾಗಿ ಟೀಚರನ್ನು ಕೇಳಿದೆ: “ನೀವು ತರಗತಿಯಲ್ಲಿ ಏನು ಕಂಡು ಹೀಗೆ ಬರೆದಿರಿ?” “ಉಕ್ತಲೇಖನದಲ್ಲಿ ಗುರಿ ಅಂದರೆ ಕುರಿ ಅಂತ ಬರೀತಾರೆ ಸಾರ್. ತಮಿಳಿಂದಲೇ ಅಂತ ಪೋಷಕರೂ ಹೇಳ್ತಾರೆ.”

ಈಗ ಹಿಡಿಯಲು ಒಂದು ಎಳೆ ಸಿಕ್ಕಿತು. ತಮಿಳಿನಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಗಾಂಧಿ ಎಂಬ ಹೆಸರನ್ನು ಬರೆಯುವುದೂ ಆ ಅಕ್ಷರದಿಂದಲೇ. ತ-ದ, ಪ-ಬ, ಟ-ಡ ಜೋಡಿಗಳಿಗೂ ಅದೇ ಕಥೆ. ಆದರೆ ಲ-ಳ, ನ-ಣ ಜೋಡಿಗಳಿಗೆ ತಮಿಳಿನಲ್ಲೂ ಬೇರೆ ಬೇರೆ ಅಕ್ಷರಗಳಿವೆ. ಎರಡು ಭಾಷೆಗಳನ್ನು ಹೋಲಿಸಿ, ಕಲಿಯುವವರು ಎಲ್ಲಿ ಎಡವುತ್ತಾರೆ ಅಂತ ಮೊದಲೇ ಹೇಳಬಹುದು ಎಂಬುದು ರಾಬರ್ಟ್ ಲಾಡೊ 1957ರಲ್ಲಿ ಮಂಡಿಸಿದ ವಾದ. ಅದನ್ನು ಲಿಪಿಗೂ ಹೊಂದಿಸಿದರೆ ಕುರಿ-ಗುರಿ, ಪೇಟೆ-ಬೇಟೆಯಂಥ ಪದಗಳಲ್ಲಿ ತಪ್ಪು ಹೆಚ್ಚಿರಬೇಕು, ಕಾಲು-ಕಾಳು, ಮನೆ-ಮಣೆಯಲ್ಲಿ ಕಡಿಮೆ ಇರಬೇಕು.

ಇದಕ್ಕೆ ಎದುರಾಗಿ ಇನ್ನೊಂದು ವಿವರಣೆಯೂ ಇದೆ. ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಅಕ್ಷರಜ್ಞಾನ ಮೊದಲ ಒಂದೆರಡು ತರಗತಿಗಳಲ್ಲೇ ಮುಗಿಯುವುದಿಲ್ಲ, ಅದು ನಿಧಾನವಾಗಿ ಬೆಳೆಯುತ್ತದೆ ಅಂತ ತೋರಿಸಿತು. ಗುಣಿತ, ಒತ್ತಕ್ಷರ ಸೇರಿ ಕಲಿಯಬೇಕಾದ ರೂಪಗಳು ಅಷ್ಟೊಂದಿವೆ. ತಪ್ಪಿಗೆಲ್ಲ ಇದೇ ಕಾರಣವಾದರೆ ಒತ್ತಕ್ಷರದಲ್ಲಿ ತಪ್ಪು ಹೆಚ್ಚಬೇಕು. ಕುರಿ-ಗುರಿ ಗುಂಪು, ಕಾಲು-ಕಾಳು ಗುಂಪು ಎರಡರಲ್ಲೂ ಇರುವುದು ಬೇಗ ಕಲಿಯುವ ಸರಳ ಅಕ್ಷರಗಳಾದ್ದರಿಂದ ಅವೆರಡರ ನಡುವೆ ಅಂತರ ಇರಬಾರದು. ಎರಡು ವಿವರಣೆಗಳೂ ಒಂದೇ ಜಾಗದಲ್ಲಿ ಬೇರೆ ಬೇರೆ ಮಾತು ಹೇಳುತ್ತಿವೆ. ಪರೀಕ್ಷೆ ಮಾಡಬೇಕಾದ್ದು ಅಲ್ಲೇ.

ತಿದ್ದಿದ ವಾಕ್ಯ ಹೀಗಾಯಿತು: “ತಮಿಳು ಲಿಪಿಯ ಪ್ರಭಾವ ಇದ್ದರೆ, ಮೂರನೇ ತರಗತಿಯ ಮಕ್ಕಳು ಕನ್ನಡ ಉಕ್ತಲೇಖನದಲ್ಲಿ ಲ-ಳ, ನ-ಣ ಜೋಡಿಗಳಿಗಿಂತ ಕ-ಗ, ತ-ದ, ಪ-ಬ, ಟ-ಡ ಜೋಡಿಗಳನ್ನು ಹೆಚ್ಚು ಅದಲುಬದಲು ಮಾಡುತ್ತಾರೆ.” ಅಂತರ ಕಾಣದಿದ್ದರೆ ಅಥವಾ ತಿರುಗುಮುರುಗಾದರೆ ಊಹೆಗೆ ಆಧಾರ ಸಿಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಪ್ರತಿ ಮಗುವಿನ ಎರಡು ಬಗೆಯ ತಪ್ಪುಗಳನ್ನು ಅದೇ ಮಗುವಿನೊಳಗೇ ಹೋಲಿಸುವುದರಿಂದ ಜಾಣ ಮಗು, ದಡ್ಡ ಮಗು ಎಂಬ ಗೊಂದಲವೂ ಬರುವುದಿಲ್ಲ.

ಇಲ್ಲೂ ಮೋಸಹೋಗುವ ಜಾಗಗಳಿವೆ. ಎರಡೂ ಗುಂಪಿನ ಪದಗಳು ಮಕ್ಕಳಿಗೆ ಒಂದೇ ಮಟ್ಟಿಗೆ ಪರಿಚಿತವಾಗಿರಬೇಕು. ಮಣೆ ಎಂದರೇನು ಎಂದೇ ಗೊತ್ತಿಲ್ಲದ ಮಗು ಮನೆ ಅಂತ ಬರೆದರೆ ಅದು ಲಿಪಿಯ ತಪ್ಪಲ್ಲ. ಮನೆಯಲ್ಲಿ ತಮಿಳು ಮಾತಾಡುವ ಮಗುವಿಗೆ ಪದದ ಮೊದಲಲ್ಲಿ ಬರುವ ಗ ಕಿವಿಗೇ ಕ ಆಗಿ ಕೇಳಿಸಬಹುದು. ಅದಕ್ಕೇ ಬರೆಸುವ ಮೊದಲು ಚಿತ್ರಗಳನ್ನು ಇಟ್ಟು, ಹೇಳಿದ ಪದಕ್ಕೆ ಸರಿಯಾದ ಚಿತ್ರ ತೋರಿಸಲು ಹೇಳಬೇಕು. ಅಲ್ಲೇ ತಪ್ಪಿದರೆ ಸಮಸ್ಯೆ ದನಿಯದು, ಲಿಪಿಯದಲ್ಲ. ಮಹಾಪ್ರಾಣಗಳನ್ನು ಈ ಪಟ್ಟಿಗೆ ಸೇರಿಸಲಿಲ್ಲ, ಏಕೆಂದರೆ ದಿನದ ಮಾತಿನಲ್ಲಿ ಖ, ಘ ಸರಿಯಾಗಿ ಉಳಿದಿಲ್ಲದ ಕಾರಣ ತಮಿಳೇ ಗೊತ್ತಿಲ್ಲದ ಮಕ್ಕಳೂ ಅಲ್ಲಿ ತಪ್ಪುತ್ತಾರೆ.

ಕ-ಗ ಕನ್ನಡದ ಎಲ್ಲ ಮಕ್ಕಳಿಗೂ ಕಷ್ಟವೇ ಇರಬಹುದಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರಕ್ಕೆ ಗಡಿಯಾಚೆ ಆನೇಕಲ್ ಕಡೆಯ, ತಮಿಳು ಬರೆಯಲು ಕಲಿಯದ ಮಕ್ಕಳಿಗೂ ಅದೇ ಪದಗಳನ್ನು ಕೊಡಬೇಕು. ಹೋಲಿಸಬೇಕಾದ್ದು ಒಟ್ಟು ಅಂಕವಲ್ಲ, ಯಾಕೆಂದರೆ ಪುಸ್ತಕ ಬೇರೆ, ಮೇಷ್ಟ್ರು ಬೇರೆ. ಎರಡು ಗುಂಪಿನ ಪದಗಳ ನಡುವಿನ ಅಂತರ ಇಲ್ಲಿ ಎಷ್ಟು, ಅಲ್ಲಿ ಎಷ್ಟು ಅಂತ ನೋಡಬೇಕು. ಇಲ್ಲಿ ಅದು ದೊಡ್ಡದಾಗಿದ್ದರೆ ಮಾತ್ರ ತಮಿಳು ಲಿಪಿಯ ಹೆಸರು ಎತ್ತಬಹುದು.

ಇನ್ನು ಎರಡನೆಯ ವಾಕ್ಯ. ಇದಕ್ಕೆ ಜಿಮ್ ಕಮ್ಮಿನ್ಸ್ 1979ರಲ್ಲಿ ಹೇಳಿದ ಪರಸ್ಪರಾವಲಂಬನೆಯ ಸಿದ್ಧಾಂತದ ಬೆಂಬಲವಿದೆ. ಒಂದು ಭಾಷೆಯಲ್ಲಿ ಗಳಿಸಿದ ಸಾಮರ್ಥ್ಯ ಇನ್ನೊಂದಕ್ಕೆ ಒದಗುತ್ತದೆ, ಆದರೆ ಆ ಇನ್ನೊಂದರ ಒಡನಾಟವೂ ಸಾಕಷ್ಟಿರಬೇಕು ಎಂಬುದು ಅದರ ಸಾರ. ಆದರೆ ಎರಡೂ ವಿಷಯದಲ್ಲಿ ಒಳ್ಳೆಯ ಅಂಕ ತೆಗೆಯುವ ಮಗು ಎಲ್ಲದರಲ್ಲೂ ಚುರುಕಾಗಿರಬಹುದು. ಆದ್ದರಿಂದ ಹೀಗೆ ಬರೆದೆವು: “ಜೂನ್‌ನ ತಮಿಳು ಅಂಕವನ್ನೂ ಭಾಷೆ ಬೇಡದ ರೇವನ್ ಚಿತ್ರಪರೀಕ್ಷೆಯ ಅಂಕವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ, ಜೂನ್‌ನ ಕನ್ನಡ ಓದಿನ ಅಂಕ ಮಾರ್ಚ್‌ನ ತಮಿಳು ಓದನ್ನು ಮುನ್ಸೂಚಿಸುತ್ತದೆ.” ಇದಕ್ಕೆ ಒಂದು ಶಾಲೆಯ ಮಕ್ಕಳು ಸಾಲದು, ಹಲವು ಶಾಲೆ ಸೇರಬೇಕು.

ಕೊನೆಗೆ ಟೀಚರ್ ಒಂದು ಮಾತು ಹೇಳಿದರು: “ಸಾರ್, ಉಕ್ತಲೇಖನದ ಕಾಪಿಗಳನ್ನು ಆಗಲೇ ತಿದ್ದಿ ಆಗಿದೆ. ತಪ್ಪುಗಳನ್ನು ನೋಡಿಯೇ ಇದ್ದೀನಿ.” ಹಾಗಾದರೆ ಮೊದಲ ಪ್ರಾಕ್ಕಲ್ಪನೆಯನ್ನು ಆ ಕಾಪಿಗಳ ಮೇಲೆ ಹಾಕುವ ಹಾಗಿಲ್ಲ. ಉತ್ತರ ನೋಡಿ ಪ್ರಶ್ನೆ ಬರೆದು, ಮೊದಲೇ ಊಹಿಸಿದ್ದೆ ಅಂದಂತಾಗುತ್ತದೆ. ನಾರ್ಬರ್ಟ್ ಕೆರ್ 1998ರಲ್ಲಿ ಎಚ್ಚರಿಸಿದ್ದು ಇದನ್ನೇ. ಹಳೆಯ ಕಾಪಿಗಳಲ್ಲಿ ಕಂಡದ್ದನ್ನು ‘ಕಂಡದ್ದು’ ಅಂತಲೇ ಬರೆಯಲಿ. ಪರೀಕ್ಷೆ ಬರುವ ಜೂನ್‌ನ ಹೊಸ ಮಕ್ಕಳ ಮೇಲೆ ಆಗಲಿ. ಟೀಚರ್ ಮುಖ ಸಣ್ಣದಾಯಿತು, ಒಂದು ವರ್ಷ ಹೋಯಿತಲ್ಲ ಅಂತ.

ನನ್ನ ಅಭಿಪ್ರಾಯ ಬದಲಾಗಲಿಲ್ಲ. ‘ತಮಿಳಿನಿಂದ ಕನ್ನಡ ಕೆಟ್ಟಿತು’ ಅಂತ ಒಂದು ಲೇಖನ ಹೇಳಿದರೆ, ಅದನ್ನು ಕೈಯಲ್ಲಿ ಹಿಡಿದು ಮಗುವನ್ನು ಕನ್ನಡ ಮಾಧ್ಯಮದಿಂದ ಬಿಡಿಸುವ ಅಪ್ಪ ಅಮ್ಮ ನಮ್ಮ ಊರಲ್ಲೇ ಇದ್ದಾರೆ. ಆ ಮಾತು ಸುಳ್ಳಾಗಿದ್ದರೆ ಸುಳ್ಳು ಅಂತ ಗೊತ್ತಾಗುವ ಹಾಗೆ ಬರೆದಿರಬೇಕು.