ಮಧ್ಯರಾತ್ರಿಯಲ್ಲಿ ತುಂಡಾಗುವ ಪಾಳಿ

ರಾತ್ರಿ ಪಾಳಿಯ ಕಾರ್ಮಿಕನೊಬ್ಬ ವೇತನ ಚೀಟಿಯನ್ನು ಹಿಡಿದು ಬಂದು ಓವರ್‌ಟೈಮ್ ಕಡಿಮೆಯಾಗಿದೆ ಎಂದಾಗ, ಹಾಜರಿ ಯಂತ್ರದ ಲೆಕ್ಕ ತಪ್ಪುವುದಿಲ್ಲ ಎಂಬ ಉತ್ತರ ಅನೇಕ ಸಣ್ಣ ಕಾರ್ಖಾನೆಗಳಲ್ಲಿ ಸಿದ್ಧವಾಗಿರುತ್ತದೆ. ಯಂತ್ರವು ಬಂದ ಹೊತ್ತನ್ನೂ ಹೋದ ಹೊತ್ತನ್ನೂ ಸರಿಯಾಗಿಯೇ ಬರೆಯುತ್ತದೆ. ಆದರೆ ಅದು ತಾರೀಖಿನಂತೆ ಸಾಲು ಹಾಕುತ್ತದೆ. ರಾತ್ರಿ ಪಾಳಿಯೋ ಎರಡು ತಾರೀಖುಗಳ ಮೇಲೆ ಕಾಲಿಟ್ಟಿರುತ್ತದೆ. ತಪ್ಪು ಹುಟ್ಟುವುದು ಅಲ್ಲಿ.

ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಪಾಳಿಯು ಮಧ್ಯರಾತ್ರಿಯನ್ನು ದಾಟಿದರೆ, ಆ ನಂತರದ ತಾಸುಗಳು ಹಿಂದಿನ ದಿನಕ್ಕೇ ಸೇರತಕ್ಕವು. 1948ರ ಕಾರ್ಖಾನೆಗಳ ಕಾಯಿದೆಯಲ್ಲಿದ್ದ ಈ ನಿಯಮವೇ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿಯೂ ಉಳಿದಿದೆ. ಓವರ್‌ಟೈಮಿಗೆ ವೇತನದರದ ಎರಡರಷ್ಟು ಕೊಡಬೇಕು. ದಿನದ ಲೆಕ್ಕ, ವಾರದ ಲೆಕ್ಕ ಇವೆರಡರಲ್ಲಿ ಕಾರ್ಮಿಕನಿಗೆ ಯಾವುದು ಲಾಭಕರವೋ ಅದನ್ನು ಹಿಡಿಯಬೇಕು.

ಒಂದು ಉದಾಹರಣೆಯನ್ನು ನೋಡೋಣ. ಯಂತ್ರಭಾಗಗಳನ್ನು ತಯಾರಿಸುವ ಘಟಕವೊಂದರಲ್ಲಿ ಟರ್ನರ್ ಒಬ್ಬನ ಪಾಳಿ ರಾತ್ರಿ 10ರಿಂದ ಬೆಳಿಗ್ಗೆ 6.30ರವರೆಗೆ. ಊಟದ ಅರ್ಧ ತಾಸನ್ನು ಕಳೆದರೆ ದುಡಿಮೆ 8 ತಾಸು. ನೇಮಕಾತಿ ಪತ್ರದ ಪ್ರಕಾರ 8 ತಾಸು ಮೀರಿದ್ದೆಲ್ಲ ಓವರ್‌ಟೈಮ್. ಸೋಮವಾರದಿಂದ ಶನಿವಾರದವರೆಗೆ ಆರು ರಾತ್ರಿ ಕೆಲಸ. ಶನಿವಾರದ ಪಾಳಿ ಮುಗಿದ ಮೇಲೆ, ತುರ್ತು ಸರಕಿಗಾಗಿ ಆತ ಭಾನುವಾರ ಬೆಳಿಗ್ಗೆ 10.30ರವರೆಗೆ ನಿಂತ. ತಿಂಗಳಲ್ಲಿ ಇಂಥ ಎರಡು ವಾರ.

ಗುಮಾಸ್ತನು ತಾರೀಖಿನ ಸಾಲುಗಳನ್ನೇ ಕೂಡಿದ. ಸೋಮವಾರ ರಾತ್ರಿ 10ರಿಂದ 12ರವರೆಗೆ 2 ತಾಸು ಮಾತ್ರ ಕಂಡಿತು. ಮಂಗಳವಾರದಿಂದ ಶನಿವಾರದವರೆಗೆ ಹಿಂದಿನ ಪಾಳಿಯ 6, ಹೊಸ ಪಾಳಿಯ 2 ಸೇರಿ ದಿನಕ್ಕೆ 8 ಬಂದಿತು. ಭಾನುವಾರ 10. ಹೀಗಾಗಿ ವಾರಕ್ಕೆ 2 ತಾಸು ಓವರ್‌ಟೈಮ್ ಎಂದು ಬರೆದ. ವಾರದ ನಡುವಿನ ದಿನಗಳಲ್ಲಿ ತಪ್ಪು ತಾನೇ ಸರಿದೂಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲ ಹಾಗೂ ಕೊನೆಯ ದಿನಗಳಲ್ಲಿ ಮಾತ್ರ ಅದು ಹೊರಬರುತ್ತದೆ. ನಿಜವಾಗಿ ಶನಿವಾರದ ಪಾಳಿಯ ದುಡಿಮೆ 12 ತಾಸು, ಓವರ್‌ಟೈಮ್ 4. ತಾಳೆ ನೋಡುವ ದಾರಿಯೂ ಸುಲಭ. ವಾರದ ಎಲ್ಲ ತಾಸುಗಳನ್ನು ಕೂಡಿದರೆ 52. ಅದರಲ್ಲಿ 48 ಕಳೆದರೆ 4. ದಿನದ ಲೆಕ್ಕದಿಂದ ಬಂದ ಓವರ್‌ಟೈಮ್ ವಾರದ ಲೆಕ್ಕಕ್ಕಿಂತ ಕಡಿಮೆಯಾಗಿದ್ದರೆ ಸಾಲುಗಳನ್ನು ಮತ್ತೆ ನೋಡಲೇಬೇಕು.

ಎರಡನೆಯ ತಪ್ಪು ದರದಲ್ಲಿ. ವೇತನ ಚೀಟಿಯಲ್ಲಿ ಮೂಲ ವೇತನ ರೂ. 10,400, ತುಟ್ಟಿಭತ್ಯೆ ರೂ. 6,240, ಮನೆ ಬಾಡಿಗೆ ಭತ್ಯೆ ರೂ. 2,000 ಇವೆ. ತಿಂಗಳಿಗೆ 26 ದಿನ, ದಿನಕ್ಕೆ 8 ತಾಸು ಎಂದರೆ 208 ತಾಸು. ಗುಮಾಸ್ತನು ಮೂಲ ವೇತನವನ್ನಷ್ಟೇ ಭಾಗಿಸಿ ತಾಸಿಗೆ ರೂ. 50, ಅದರ ಎರಡರಷ್ಟು ರೂ. 100 ಎಂದ. ಆದರೆ ತುಟ್ಟಿಭತ್ಯೆಯೂ ವೇತನವೇ. ಎರಡನ್ನೂ ಕೂಡಿದರೆ ರೂ. 16,640; ತಾಸಿಗೆ ರೂ. 80, ಓವರ್‌ಟೈಮಿಗೆ ರೂ. 160. ಮನೆ ಬಾಡಿಗೆ ಭತ್ಯೆಯನ್ನು ಹೊರಗಿಡಬಹುದು. ಹಾಗೆ ಹೊರಗಿಟ್ಟ ಬಾಬುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮಾತ್ರ ಮೀರಿದ ಭಾಗವು ವೇತನಕ್ಕೆ ಸೇರುತ್ತದೆ.

ಇನ್ನು ರಾತ್ರಿ ಪಾಳಿ ಭತ್ಯೆ. ಇದಕ್ಕೆ ಸಂಹಿತೆಯು ಪ್ರತ್ಯೇಕ ದರವನ್ನು ಹೇಳಿಲ್ಲ. ನೇಮಕಾತಿ ಪತ್ರ ಅಥವಾ ಕಾರ್ಮಿಕ ಸಂಘದೊಡನೆ ಆದ ಒಪ್ಪಂದವೇ ಆಧಾರ. ಇಲ್ಲಿ ಪಾಳಿಗೆ ರೂ. 40. ಹನ್ನೆರಡು ರಾತ್ರಿಗಳಿಗೆ ರೂ. 480 ಬರಬೇಕಿತ್ತು. ಸೋಮವಾರದ ಸಾಲು ಅಪೂರ್ಣವೆಂದು ಬಿಟ್ಟಿದ್ದರಿಂದ ಚೀಟಿಯಲ್ಲಿ ಹತ್ತು ರಾತ್ರಿಗಳ ರೂ. 400 ಮಾತ್ರ ಇತ್ತು. ವೇತನದಿಂದ ಹೊರಗಿಡುವ ಬಾಬುಗಳ ಪಟ್ಟಿಯಲ್ಲಿ ಈ ಭತ್ಯೆಯ ಹೆಸರಿಲ್ಲದ ಕಾರಣ, ತಾಸಿಗೆ ರೂ. 5ರಂತೆ ಇದನ್ನೂ ದರಕ್ಕೆ ಸೇರಿಸಿ ಓವರ್‌ಟೈಮನ್ನು ರೂ. 170ರಂತೆ ಕೊಡುವುದೇ ಕ್ಷೇಮ. ಉಳಿಸುವ ಹತ್ತು ರೂಪಾಯಿಗಾಗಿ ವಾದಕ್ಕೆ ನಿಲ್ಲುವುದು ವ್ಯಾಪಾರಿಯ ಜಾಣತನವಲ್ಲ.

ಆದುದರಿಂದ 8 ತಾಸಿಗೆ ಸಲ್ಲಬೇಕಾದ ಓವರ್‌ಟೈಮ್ ರೂ. 1,360, ಕೊಟ್ಟದ್ದು 4 ತಾಸಿಗೆ ರೂ. 400. ಭತ್ಯೆಯ ರೂ. 80 ಸೇರಿ ಒಬ್ಬನಿಗೇ ಒಂದು ತಿಂಗಳಲ್ಲಿ ರೂ. 1,040 ಬಾಕಿ. ವೇತನ ಸಂಹಿತೆಯ ಪ್ರಕಾರ ಮೂರು ವರ್ಷಗಳೊಳಗೆ ಕ್ಲೇಮು ಹೂಡಬಹುದು. ಪ್ರಾಧಿಕಾರವು ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರವನ್ನೂ ವಿಧಿಸಬಹುದು. ಇದರಲ್ಲಿ ಮಾಲೀಕನ ದುರುದ್ದೇಶವೇನೂ ಇಲ್ಲದಿರಬಹುದು, ಆದರೆ ಬಾಕಿ ಬಾಕಿಯೇ.

ಹಾಜರಿ ಹಾಳೆಯಲ್ಲಿ ‘ಪಾಳಿ ಆರಂಭವಾದ ದಿನ’ ಎಂಬ ಅಂಕಣವೊಂದನ್ನು ಹಾಕಿ, ಹೊರಹೋದ ಹೊತ್ತನ್ನು ಅದೇ ಸಾಲಿನಲ್ಲಿ ಬರೆಯಿಸಿದರೆ ಮೊದಲ ತಪ್ಪು ನಿಲ್ಲುತ್ತದೆ. ವೇತನ ಚೀಟಿಯಲ್ಲಿ ಓವರ್‌ಟೈಮಿನ ಮೊತ್ತವನ್ನಷ್ಟೇ ಅಲ್ಲದೆ ತಾಸು, ದರ ಇವೆರಡನ್ನೂ ಮುದ್ರಿಸಿದರೆ ಎರಡನೆಯದನ್ನು ಕಾರ್ಮಿಕನೇ ಅದೇ ತಿಂಗಳು ತೋರಿಸಿಕೊಡುತ್ತಾನೆ.