ವೇದಿಕೆಯ ಮರ್ಯಾದೆ

ಸಭೆಯ ಸ್ವಾಗತಭಾಷಣದಲ್ಲಿ ಗಣ್ಯರ ಹೆಸರುಗಳನ್ನು ಕುಳಿತ ಸಾಲಿನಂತೆ ಒಂದು ತುದಿಯಿಂದ ಓದಿಕೊಂಡು ಹೋಗುವ ಪದ್ಧತಿಯು ನಮ್ಮಲ್ಲಿ ಬೇರೂರಿರುವುದು. ಇದು ತಪ್ಪೆಂಬುದನ್ನು ಒಂದು ಉದಾಹರಣೆಯಿಂದ ತೋರಿಸಬಯಸುತ್ತೇವೆ.

ಬೆಂಗಳೂರಿನ ಸರ್ಕಾರಿ ಸಮಾರಂಭವೊಂದಕ್ಕೆ ರಾಜ್ಯಪಾಲರು, ಮುಖ್ಯಮಂತ್ರಿಗಳು, ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು, ರಾಜ್ಯದ ಸಂಪುಟ ಸಚಿವರೊಬ್ಬರು ಹಾಗೂ ಲೋಕಸಭಾ ಸದಸ್ಯರೊಬ್ಬರು ದಯಮಾಡಿಸಿರುವರೆನ್ನೋಣ. ರಾಷ್ಟ್ರಪತಿಗಳ ಕಾರ್ಯಾಲಯವು 1979ರಲ್ಲಿ ಹೊರಡಿಸಿದ ಅಗ್ರತಾಪಟ್ಟಿಯಲ್ಲಿ ಇವರ ಸ್ಥಾನಗಳು ಕ್ರಮವಾಗಿ 4, 7, 14, 15 ಮತ್ತು 21. ಅಗ್ರಗಣ್ಯರು ನಡುವೆ, ಎರಡನೆಯವರು ಅವರ ಬಲಕ್ಕೆ, ಮೂರನೆಯವರು ಎಡಕ್ಕೆ, ಹೀಗೆ ಸರದಿಯಂತೆ ಆಸೀನರಾಗುವುದು ರೂಢಿ. ಆಗ ಸಭಿಕರ ಎಡಗಡೆಯಿಂದ ಓದುವವನ ಬಾಯಲ್ಲಿ ಸಚಿವರು ಮೊದಲಿಗರಾಗಿ ರಾಜ್ಯಪಾಲರು ಮೂರನೆಯವರಾಗುವರು! ಆದುದರಿಂದ ಹೆಸರಿನ ಚೀಟಿಯನ್ನು ಪಟ್ಟಿಯ ಕ್ರಮದಲ್ಲಿ ಮೊದಲೇ ಬರೆದಿಡಬೇಕೇ ಹೊರತು ಕುರ್ಚಿಗಳನ್ನು ನೋಡಿ ಓದಲಾಗದು.

ಕೇಂದ್ರದ ಸಂಪುಟ ಸಚಿವರೂ ಬಂದಲ್ಲಿ ತೊಡಕುಂಟು. ತಮ್ಮ ರಾಜ್ಯದೊಳಗೆ ಮುಖ್ಯಮಂತ್ರಿಗಳೂ ಅವರೂ ಒಂದೇ 7ನೆಯ ಸ್ಥಾನದವರು. ಆದರೆ ರಾಜ್ಯದಲ್ಲಿ ನಡೆಯುವ ಸರ್ಕಾರಿ ಸಮಾರಂಭಗಳಲ್ಲಿ ಮುಖ್ಯಮಂತ್ರಿಗಳೇ ಮೊದಲು. ಹೊರರಾಜ್ಯದ ರಾಜ್ಯಪಾಲರು ಇಲ್ಲಿ 8ನೆಯವರಾಗಿ, ನಮ್ಮ ಮುಖ್ಯಮಂತ್ರಿಗಳ ನಂತರವೇ ಬರುವರು.

ಇನ್ನು ಸಂಬೋಧನೆ. ‘ಹಿಸ್ ಎಕ್ಸಲೆನ್ಸಿ’ ಎಂಬ ಪರಕೀಯ ಪ್ರಭುತ್ವದ ಶಬ್ದವನ್ನು ದೇಶದೊಳಗಿನ ಸಮಾರಂಭಗಳಲ್ಲಿ ಕೈಬಿಡಬೇಕೆಂದು ರಾಷ್ಟ್ರಪತಿ ಪ್ರಣವ ಮುಖರ್ಜಿಯವರ ಕಾಲದಲ್ಲಿ, 2012ರಲ್ಲಿಯೇ, ನಿರ್ಧಾರವಾಯಿತು. ‘ಮಾನ್ಯ ರಾಜ್ಯಪಾಲರೇ’ ಎಂದರೆ ಸಾಕು. ‘ಸನ್ಮಾನ್ಯ, ಘನತೆವೆತ್ತ, ಶ್ರೀ’ ಎಂಬ ಮೂರು ಹಾರಗಳನ್ನು ಒಂದೇ ಕೊರಳಿಗೆ ತೊಡಿಸಬೇಕಾಗಿಲ್ಲ. ಪದ್ಮ ಪ್ರಶಸ್ತಿಗಳನ್ನೂ ಭಾರತರತ್ನವನ್ನೂ ಹೆಸರಿನ ಹಿಂದೆ ಮುಂದೆ ಬಿರುದಿನಂತೆ ಬಳಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿದೆ. ಪರಿಚಯದಲ್ಲಿ ‘ಪದ್ಮಶ್ರೀ ಪ್ರಶಸ್ತಿಯನ್ನು ಪಡೆದವರು’ ಎನ್ನಬಹುದು. ‘ಪದ್ಮಶ್ರೀ ಇಂಥವರು’ ಎನ್ನಬಾರದು.

ಈ ಪಟ್ಟಿಯಾದರೋ ರಾಜ್ಯೋತ್ಸವ, ಪ್ರಮಾಣವಚನಾದಿ ವಿಧ್ಯುಕ್ತ ಸಮಾರಂಭಗಳಿಗಾಗಿ ಏರ್ಪಟ್ಟುದು. ಕವಿಗಳಿಗಾಗಲಿ ಮಠಾಧಿಪತಿಗಳಿಗಾಗಲಿ ಅದರಲ್ಲಿ ಅಂಕೆಯಿಲ್ಲ. ಸಾಹಿತ್ಯಸಭೆಯಲ್ಲಿ ಸಭಾಧ್ಯಕ್ಷರೇ ಪ್ರಥಮ ಸಂಬೋಧನೆಗೆ ಅರ್ಹರು. ಅಲ್ಲಿ ಸಚಿವರ ಹೆಸರನ್ನು ಮೊದಲು ಕೂಗಿ, ಯಾರ ಗ್ರಂಥಕ್ಕಾಗಿ ಸಭೆ ಸೇರಿದೆಯೋ ಆ ವೃದ್ಧ ವಿದ್ವಾಂಸನನ್ನು ‘ಇತರ ಗಣ್ಯರು’ ಎಂಬ ಮಾತಿನಲ್ಲಿ ಮುಳುಗಿಸುವುದು ಯಾವ ಪಟ್ಟಿಯ ಆಜ್ಞೆಯೂ ಅಲ್ಲ. ಅದು ಅಧಿಕಾರದ ಓಲೈಕೆ.

ಸ್ವಾಗತಕಾರರು ಎಲ್ಲರ ಹೆಸರನ್ನೂ ಒಮ್ಮೆ ಕ್ರಮವಾಗಿ ಹೇಳಲಿ. ತರುವಾಯದ ಭಾಷಣಕಾರರು ಅಧ್ಯಕ್ಷರನ್ನೂ ಮುಖ್ಯ ಅತಿಥಿಗಳನ್ನೂ ಸಂಬೋಧಿಸಿ, ‘ವೇದಿಕೆಯ ಮಹನೀಯರೇ, ಸಭಿಕ ಬಂಧುಗಳೇ’ ಎಂದು ವಿಷಯಕ್ಕೆ ಬರಲಿ. ಹತ್ತು ಮಂದಿ ಭಾಷಣಕಾರರು ತಲಾ ಮೂರು ನಿಮಿಷ ನಾಮಾವಳಿಯನ್ನು ಪಠಿಸಿದರೆ ಸಭಿಕರ ಅರ್ಧ ಗಂಟೆ ವ್ಯರ್ಥವಾಗುವುದು. ಪ್ರಜಾಪ್ರಭುತ್ವದಲ್ಲಿ ಕೆಳಗೆ ಕುಳಿತವರಿಗೂ ಮರ್ಯಾದೆಯುಂಟೆಂಬುದನ್ನು ವೇದಿಕೆಯು ಮರೆಯಬಾರದು.